ಓಬಯ್ಯನವರು ನಡೆಸಿಕೊಂಡು ಬಂದಂತೆ

ಆ ಕಾಗದವನ್ನು ಬರೆದವನು ನಾನೇ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೋ ಬಂದು ನಿಮ್ಮ ಕಿವಿ ಊದುವುದು ಬೇಡ. ಹದಿನಾಲ್ಕು ಸಾಲು, ದುಂಡಗಿನ ಅಕ್ಷರ, ಎಡಕ್ಕೆ ಎರಡು ಬೆರಳು ಅಂಚು. ಕರಿಕಲ್ಲಹಟ್ಟಿಯ ಶಾಲೆಗೆ ನಾನೊಬ್ಬನೇ ಮೇಷ್ಟ್ರು. ಹೀಗಾಗಿ ಊರಿನ ಅರ್ಜಿ, ಲಗ್ನಪತ್ರಿಕೆ, ಸತ್ತವರ ಸುದ್ದಿಯ ಕಾರ್ಡು ಎಲ್ಲವೂ ನನ್ನ ಕೊರಳಿಗೇ ಬೀಳುತ್ತಿದ್ದವು. ರಂಗಪ್ಪನ ಗುಡಿಗೆ ಹೊಸ ಪೂಜಾರಿಯನ್ನು ನೇಮಿಸುವ ಕಾಗದವೂ ಹಾಗೆಯೇ ಬಿತ್ತು. ಬೀಳಲಿ, ಅದರಲ್ಲೇನು ಕಷ್ಟ ಎಂದುಕೊಂಡೆ. ಜಂಪಣ್ಣ ಮೇಷ್ಟ್ರು ಜಾಣ ಎಂದು ಊರವರು ತಿಳಿದಿದ್ದರು, ನಾನೂ ತಿಳಿದಿದ್ದೆ.

ಎಪ್ಪತ್ತೇಳನೇ ಇಸವಿ. ಹಳೆಯ ಪೂಜಾರಿ ಓಬಯ್ಯ ತೀರಿಕೊಂಡು ಹತ್ತು ತಿಂಗಳಾಗಿತ್ತು. ಮೂವತ್ತೊಂದು ವರ್ಷ ಗುಡಿಯ ಹಿಂದಿನ ಎರಡಂಕಣದ ಮನೆಯಲ್ಲಿದ್ದು ಪೂಜೆ ಮಾಡಿದವನು. ಅವನು ಹೋದ ಮೇಲೆ ಐಮಂಗಲದಿಂದ ಒಬ್ಬರು ಶನಿವಾರ ಮಾತ್ರ ಬಸ್ಸಿನಲ್ಲಿ ಬಂದು, ಅರ್ಧ ಗಂಟೆಯಲ್ಲಿ ಪೂಜೆ ಮುಗಿಸಿ, ವಾಪಸು ಹೋಗುವ ಬಸ್ಸಿಗೆ ಓಡುತ್ತಿದ್ದರು. ಉಳಿದ ಆರು ದಿನ ಗರ್ಭಗುಡಿಗೆ ಬೀಗ. ಓಬಯ್ಯನ ಹೆಂಡತಿ ಮುದ್ದಕ್ಕ ಸಂಜೆಯಾದರೆ ಹೊರಬಾಗಿಲ ಹೊಸ್ತಿಲ ಮೇಲೆ ಒಂದು ದೀಪ ಇಟ್ಟು ಬರುತ್ತಿದ್ದಳು. ಶ್ರಾವಣ ಬರುವುದಕ್ಕೆ ಇನ್ನು ಒಂದೂವರೆ ತಿಂಗಳಿತ್ತು. ಶ್ರಾವಣ ಶನಿವಾರಗಳಲ್ಲಿ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯಿಂದ ರಂಗಪ್ಪನಿಗೆ ನಡೆದುಕೊಳ್ಳುವ ಒಕ್ಕಲು ಬಂದು ಸೇರುವ ಗುಡಿ ಅದು. ಊರಲ್ಲೇ ಇರುವ ಪೂಜಾರಿ ಬೇಕೇ ಬೇಕಾಗಿತ್ತು.

ಯಲ್ಲದಕೆರೆ ಕಡೆಯ ಎತ್ತಪ್ಪನೆಂಬ ಹುಡುಗ ಸಿಕ್ಕ. ಇಪ್ಪತ್ತೆಂಟು ವಯಸ್ಸು, ಪೂಜೆಯ ಮನೆತನ, ಹೆಂಡತಿ ಶಾಂತಕ್ಕ, ಒಂದು ಕೈಕೂಸು. ಮಾತು ಕಡಿಮೆ. ಊರಿನ ಯಜಮಾನ ದೊಡ್ಡತಿಮ್ಮಪ್ಪ ಅವನನ್ನು ನೋಡಿ, ಬಾಯಿ ಇಲ್ಲದ ಹುಡುಗ, ನಮಗೆ ಸರಿಹೋಗುತ್ತಾನೆ ಎಂದ. ನಮ್ಮ ಗುಡಿ ಮುಜರಾಯಿಗೆ ಸೇರಿದ್ದಲ್ಲ, ಊರವರದೇ ಆಡಳಿತ. ಊರವರದೇ ಎಂದರೆ ದೊಡ್ಡತಿಮ್ಮಪ್ಪನದು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಅವನು ಕೆಟ್ಟವನೇನಲ್ಲ. ಯಾರೂ ಎದುರು ಮಾತಾಡದ ಕಡೆ ಬಹಳ ವರ್ಷ ಕುಳಿತುಬಿಟ್ಟಿದ್ದ, ಅಷ್ಟೆ.

ಬೇವಿನ ಮರದ ಕಟ್ಟೆಯ ಮೇಲೆ ಗಂಡಸರನ್ನೆಲ್ಲ ಕೂರಿಸಿ, ಪೂಜಾರಿಯ ದಿನದ ಕೆಲಸಗಳೇನು ಹೇಳಿ ಎಂದೆ. ಒಬ್ಬೊಬ್ಬರು ಒಂದೊಂದು ಹೇಳಿದರು. ಬಾಗಿಲು ತೆಗೆಯುವುದು, ನೀರು ತರುವುದು, ಗುಡಿಸುವುದು, ಸಾರಿಸುವುದು, ಹೂ ಕಟ್ಟುವುದು, ನೈವೇದ್ಯ ಮಾಡುವುದು. ನಾನು ಬರೆದುಕೊಂಡೆ. ಪ್ರತಿ ಸಾಲಿನ ಕೊನೆಗೆ ಪದ್ಧತಿಯಂತೆ ‘ಓಬಯ್ಯನವರು ನಡೆಸಿಕೊಂಡು ಬಂದಂತೆ’ ಎಂದು ಸೇರಿಸಿದೆ. ನಮ್ಮಲ್ಲಿ ಹೊಸ ಪೂಜಾರಿಗೆ ಹೊಸ ಕೆಲಸ ಹೊರಿಸುವಂತಿಲ್ಲ, ಹಿಂದಿನವನು ಮಾಡಿದ್ದನ್ನೇ ಇವನು ಮಾಡಬೇಕು. ಗುಡಿಯ ಮುಂದೆ ಒಂದೊಂದು ಸಾಲು ಓದಿದಾಗಲೂ ಸೇರಿದ ಜನ ‘ಹೌದು’ ಎನ್ನಬೇಕು. ಆ ಹೌದು ಎಂಬುದು ಒಪ್ಪಿಗೆಯಲ್ಲ, ಸಾಕ್ಷಿ. ಹಿಂದಿನವನು ಇದನ್ನು ಮಾಡುತ್ತಿದ್ದುದನ್ನು ನಾವು ಕಣ್ಣಾರೆ ಕಂಡಿದ್ದೇವೆ ಎಂದು ರಂಗಪ್ಪನಿಗೆ ಹೇಳುವ ಮಾತು. ಯಾರಾದರೂ ಒಬ್ಬರು ‘ಅಲ್ಲ’ ಎಂದರೆ ಓದುವವನು ಅಲ್ಲಿಗೇ ನಿಲ್ಲಿಸಬೇಕು. ಅದು ಇತ್ಯರ್ಥವಾಗದೆ ಮುಂದಿನ ಸಾಲಿಗೆ ಹೋಗುವ ಹಾಗಿಲ್ಲ. ಎಲ್ಲ ಮುಗಿದ ಮೇಲೆ ಯಜಮಾನ ಕೊನೆಯ ಹೌದು ಹೇಳಿ ವೀಳ್ಯ ಕೊಟ್ಟರೆ ನೇಮಕ ಆದಂತೆ. ಸುಳ್ಳು ಹೌದು ಹೇಳಿದವರ ಕುರಿಮಂದೆಗೆ ಏನಾಯಿತೆಂದು ಊರಿನಲ್ಲಿ ಹತ್ತು ಕತೆಗಳಿದ್ದವು.

ಹದಿನಾಲ್ಕನೆಯ ಸಾಲನ್ನು ದೊಡ್ಡತಿಮ್ಮಪ್ಪ ತಾನೇ ಹೇಳಿ ಬರೆಸಿದ. ಗುಡಿಯ ಹಿಂದಿನ ಮನೆಯನ್ನು ಹದಿನೈದು ದಿನದೊಳಗೆ ತೆರವು ಮಾಡಿಸಿ ಹೊಸ ಪೂಜಾರಿಯವರ ವಾಸಕ್ಕೆ ಕೊಡತಕ್ಕದ್ದು.

“ಮುದ್ದಕ್ಕ ಎಲ್ಲಿಗೆ ಹೋಗಬೇಕು?” ಎಂದು ಕೇಳಿದೆ.

“ಹೊಳಲ್ಕೆರೇಲಿ ಅವಳ ಅಣ್ಣನ ಮಗ ಅದಾನಲ್ಲ.”

“ಅವನು ಓಬಯ್ಯನ ತಿಥಿಗೂ ಬರಲಿಲ್ಲ.”

“ಮೇಷ್ಟ್ರೇ, ಪೂಜಾರಿ ಮನೆ ಪೂಜಾರಿಗೆ. ಪೂಜಾರಿನೇ ಇಲ್ಲ ಅಂದ್ಮೇಲೆ ಪೂಜಾರಿ ಹೆಂಡ್ತಿ ಅಂತ ಎಲ್ಲಿರ್ತಾಳೆ? ನೀವು ಬರೀರಿ.”

ಬರೆದೆ. ಪೆನ್ನಿಗೆ ಶಾಯಿ ಕಡಿಮೆಯಾಗಿತ್ತು, ತುಂಬಿಸಿಕೊಂಡು ಬಂದು ಬರೆದೆ. ಈಗ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಆವತ್ತು ಬರಲಿಲ್ಲ.

ಮಾರನೆಯ ದಿನ ಮನೆಯ ಹೆಂಚು, ಜಂತೆ ಹೇಗಿವೆ ನೋಡಿಕೊಂಡು ಬರಲು ನನ್ನನ್ನೇ ಕಳಿಸಿದರು. ಮುದ್ದಕ್ಕ ಮಜ್ಜಿಗೆ ಕೊಟ್ಟಳು. ಅರವತ್ತು ದಾಟಿದ ಹೆಂಗಸು, ಗಟ್ಟಿ ಮೈ, ಅದಕ್ಕಿಂತ ಗಟ್ಟಿ ದನಿ. ಕುಳಿತಲ್ಲೇ ಹತ್ತಿಯಿಂದ ಬತ್ತಿ ಹೊಸೆಯುತ್ತಿದ್ದಳು. ನಾನು ಜಂತೆ ನೋಡುವುದನ್ನು ನೋಡಿದಳು.

“ಏನ್ ಅಳೀತಿದೀರಿ ಮೇಷ್ಟ್ರೇ?”

“ಏನಿಲ್ಲ ಮುದ್ದಕ್ಕ. ಸುಮ್ಮನೆ.”

“ಸುಮ್ಮನೆ ಯಾರೂ ನಮ್ಮ ಸೂರು ನೋಡಕ್ಕೆ ಬರಲ್ಲ. ಕಾಗದದಾಗೆ ಏನ್ ಬರ್ದೀರಿ, ಓದ್ರಿ.”

“ಶನಿವಾರ ಗುಡಿ ಮುಂದೆ ಓದುತ್ತೇನಲ್ಲ. ಅಲ್ಲಿಯವರೆಗೆ ಓದುವ ಹಾಗಿಲ್ಲ” ಎಂದೆ. ನಿಯಮ ಹಾಗೇನೂ ಇರಲಿಲ್ಲ.

ಅವಳು ನನ್ನ ಮುಖವನ್ನೇ ನೋಡಿದಳು. “ಮೂವತ್ತೊಂದು ವರ್ಷ ಈ ಮನೇಲಿ ಇದೀನಿ. ನಾನು ಇಲ್ಲಿಂದ ಎಲ್ಲಿಗೂ ಹೋಗಲ್ಲ. ಇದನ್ನೂ ಬರ್ಕಳ್ರಿ” ಎಂದು ಬತ್ತಿಯ ಕಟ್ಟನ್ನು ಡಬ್ಬಿಗೆ ಹಾಕಿ ಮುಚ್ಚಿದಳು. ನಾನು ಮಜ್ಜಿಗೆಯ ಲೋಟ ಇಟ್ಟು ಎದ್ದು ಬಂದೆ.

ಶನಿವಾರ ಬಂತು. ಐಮಂಗಲದವರು ಬಂದು ಕೊನೆಯ ಸಲ ಪೂಜೆ ಮಾಡಿ, ಗರ್ಭಗುಡಿಯ ಬೀಗದ ಕೈಯನ್ನು ದೇವರ ಪಾದದ ಬಳಿ ಇಟ್ಟರು. ನನ್ನ ಕಾಗದವೂ ಅಲ್ಲಿಯೇ ಇತ್ತು. ಮಂಗಳಾರತಿಯಾದ ಮೇಲೆ ಅದನ್ನು ತಟ್ಟೆಯಲ್ಲಿಟ್ಟು ಹೊರಗೆ ತಂದರು. ಓದುವವನು ಗುಡಿಯ ಕೆಳಗಿನ ಮೆಟ್ಟಿಲ ಮೇಲೆ, ಚಪ್ಪಲಿ ಬಿಟ್ಟು, ರುಮಾಲು ತೆಗೆದು ನಿಲ್ಲಬೇಕು. ಮೇಲಿನ ಮೆಟ್ಟಿಲು ಪೂಜಾರಿಗೆ. ಅವನು ಜನರಿಗೆ ಬೆನ್ನು ಮಾಡಿ ದೇವರ ಕಡೆಗೆ ಕೈಮುಗಿದು ನಿಲ್ಲುತ್ತಾನೆ. ಅವನು ಸೇವೆಗೆ ಸೇರುವುದು ರಂಗಪ್ಪನಲ್ಲಿ, ಊರವರಲ್ಲಿ ಅಲ್ಲ ಎಂಬುದು ಅದರ ಅರ್ಥ. ಎತ್ತಪ್ಪ ಒದ್ದೆ ಪಂಚೆಯಲ್ಲಿ ಹಾಗೆ ನಿಂತ. ಎಡಕ್ಕೆ ಗಂಡಸರು, ಬಲಕ್ಕೆ ಹೆಂಗಸರು. ಶಾಂತಕ್ಕ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಮುಂದಿದ್ದಳು. ಮುದ್ದಕ್ಕ ಅವಳ ಪಕ್ಕದಲ್ಲೇ ಕಂಬಕ್ಕೆ ಒರಗಿ ಕುಳಿತಿದ್ದಳು.

ನಾನು ಗಂಟಲು ಸರಿಮಾಡಿಕೊಂಡೆ.

“ಶ್ರೀ ರಂಗನಾಥಸ್ವಾಮಿಯವರ ಪಾದಕ್ಕೆ ಶರಣು. ಸೇರಿರುವ ಒಕ್ಕಲಿನ ಹಿರಿಯರಿಗೆ, ತಾಯಂದಿರಿಗೆ ಕೈಮುಗಿದು ತಿಳಿಸುವುದೇನೆಂದರೆ, ಯಲ್ಲದಕೆರೆ ಕಡೆಯ ಪೂಜೆ ಮನೆತನದ ಎತ್ತಪ್ಪನವರು ಇಂದಿನಿಂದ ಸ್ವಾಮಿಯ ಸೇವೆಗೆ ಊರಲ್ಲೇ ಇರುವ ಪೂಜಾರಪ್ಪನವರಾಗಿ ನಿಲ್ಲುತ್ತಾರೆ. ಚಿಕ್ಕವರು ದೊಡ್ಡವರು ಎನ್ನದೆ ಎಲ್ಲರೂ ಅವರನ್ನು ಪೂಜಾರಪ್ಪನವರೇ ಎಂದು ಕರೆಯತಕ್ಕದ್ದು. ಸುಗ್ಗಿಯಲ್ಲಿ ಮನೆಗೊಂದು ಕೊಳಗ ರಾಗಿ, ಯುಗಾದಿಗೆ ಒಂದು ಜೊತೆ ಪಂಚೆ ಊರಿನದು. ಮಂಗಳಾರತಿ ತಟ್ಟೆಯಲ್ಲಿ ಬಿದ್ದದ್ದು ಅವರದು, ಹುಂಡಿಯಲ್ಲಿ ಬಿದ್ದದ್ದು ದೇವರದು.”

ಜನ ತಲೆದೂಗಿದರು. ನನ್ನ ದನಿ ನನಗೇ ಚೆನ್ನಾಗಿ ಕೇಳಿಸಿತು. ಮೇಷ್ಟ್ರಿಗೆ ಅದಕ್ಕಿಂತ ಸುಖ ಬೇರೇನಿದೆ?

“ಇನ್ನು ನಿತ್ಯದ ಸೇವೆ. ಒಂದು. ಕೋಳಿ ಕೂಗುವ ಹೊತ್ತಿಗೆ ಎದ್ದು ಸ್ನಾನ ಮಾಡಿ ಗುಡಿಯ ಬಾಗಿಲು ತೆಗೆಯುವುದು. ಓಬಯ್ಯನವರು ನಡೆಸಿಕೊಂಡು ಬಂದಂತೆ.”

“ಹೌದು” ಎಂದರು ಎಲ್ಲರೂ.

“ಎರಡು. ಮಡಿಯಲ್ಲಿ ಬಾವಿಯಿಂದ ನೀರು ತಂದು ಸ್ವಾಮಿಗೆ ಅಭಿಷೇಕ ಮಾಡುವುದು. ಓಬಯ್ಯನವರು ನಡೆಸಿಕೊಂಡು ಬಂದಂತೆ.”

“ಹೌದು.”

ಇದರಲ್ಲಿ ಮುದ್ದಕ್ಕನ ದನಿಯೂ ಇತ್ತು. ಗಂಡನ ಕೆಲಸಕ್ಕೆ ಅವಳು ಎಲ್ಲರಿಗಿಂತ ಗಟ್ಟಿಯಾಗಿ ಹೌದು ಎಂದಳು.

“ಮೂರು. ಗುಡಿಯ ಒಳಾಂಗಣ, ಮುಂದಿನ ಅಂಗಳ ಗುಡಿಸಿ, ಸಗಣಿ ಸಾರಿಸಿ, ರಂಗೋಲಿ ಹಾಕುವುದು. ಓಬಯ್ಯನವರು ನಡೆಸಿಕೊಂಡು ಬಂದಂತೆ.”

“ಹೌದು” ಎಂದರು ಜನ, ಅಭ್ಯಾಸಬಲದಿಂದ.

“ಅಲ್ಲ.”

ಮುದ್ದಕ್ಕ ಎದ್ದು ನಿಂತಿದ್ದಳು.

ದೊಡ್ಡತಿಮ್ಮಪ್ಪ ಕೇಳಿಸದವನಂತೆ ನನ್ನ ಕಡೆ ತಿರುಗಿ, “ಮುಂದೆ ಓದ್ರಿ ಮೇಷ್ಟ್ರೇ” ಎಂದ.

“ಅಲ್ಲ ಅಂದೀನಿ” ಎಂದಳು ಮುದ್ದಕ್ಕ. “ನನ್ನ ಗಂಡ ರಂಗೋಲಿ ಹಾಕ್ತಿದ್ನಾ? ಯಾರಾನ ನೋಡೀರಾ? ನೋಡಿದ್ರೆ ಹೇಳ್ರಪ್ಪ. ನಾನೂ ಒಂದ್ಸಲ ನೋಡ್ಬೇಕಿತ್ತು.”

ಹೆಂಗಸರ ಕಡೆ ಕಿಸಕ್ಕೆಂದರು. ಗಂಡಸರಲ್ಲೂ ಒಂದಿಬ್ಬರು ಮೀಸೆ ಒರೆಸಿಕೊಳ್ಳುವ ನೆಪದಲ್ಲಿ ಬಾಯಿ ಮುಚ್ಚಿಕೊಂಡರು.

“ಮುದ್ದಕ್ಕ, ಕುಂತ್ಕ” ಎಂದ ದೊಡ್ಡತಿಮ್ಮಪ್ಪ. “ಯಾರು ಗುಡಿಸಿದ್ರೇನು? ಪೂಜಾರಿ ಮನೆಯಿಂದ ನಡೀತಲ್ಲ.”

“ಕಾಗದದಾಗೆ ಪೂಜಾರಿ ಮನೆಯಿಂದ ಅಂತ ಇಲ್ಲ. ಓಬಯ್ಯ ಅಂತ ಐತೆ. ಮೇಷ್ಟ್ರೇ, ಐತೋ ಇಲ್ವೋ?”

“ಇದೆ” ಎಂದೆ.

“ರಂಗಪ್ಪನ ಮುಂದೆ ಸುಳ್ಳು ಹೌದು ಅಂತೀರೇನ್ರಪ್ಪ ಎಲ್ರೂ?” ಎಂದು ಅವಳು ಗಂಡಸರ ಕಡೆ ತಿರುಗಿದಳು. “ಅನ್ರಿ. ನಿಮ್ಮ ಮಂದೆ, ನಿಮ್ಮ ಇಷ್ಟ.”

ಮಂದೆಯ ಮಾತು ಬಂದಾಗ ಗಂಡಸರ ಮುಖ ಬಿಗಿಯಿತು. ಕುರಿ ಸಾಕುವವರು ಅದನ್ನು ತಮಾಷೆಗೆ ತೆಗೆದುಕೊಳ್ಳುವುದಿಲ್ಲ. ದೊಡ್ಡತಿಮ್ಮಪ್ಪನೂ ಮುನ್ನೂರು ಕುರಿಯ ಒಡೆಯ. ಅವನು ದನಿ ಎತ್ತರಿಸಿದ.

“ಹೆಂಗಸ್ರು ಹೌದು ಅನ್ನಬೌದು. ಅಲ್ಲ ಅನ್ನಂಗಿಲ್ಲ. ಯಾವತ್ತೂ ಅಂದಿಲ್ಲ.”

“ಅಂದಿಲ್ಲ ಅನ್ನೋದು ಬ್ಯಾರೆ, ಅನ್ನಂಗಿಲ್ಲ ಅನ್ನೋದು ಬ್ಯಾರೆ” ಎಂದಳು ಮುದ್ದಕ್ಕ.

ಹಿಂದಿನ ಸಾಲಿನಿಂದ ಅವಳ ನಾದಿನಿ ಕಾಟಮ್ಮ ಎದ್ದಳು. ಬಡಕಲು ಹೆಂಗಸು, ಊರಲ್ಲಿ ಅವಳ ದನಿ ಕೇಳಿದವರೇ ಕಡಿಮೆ. “ಅಲ್ಲ ಅನ್ನಂಗಿಲ್ಲ ಅಂದ್ರೆ ನಾವು ಹೌದೂ ಅನ್ನಲ್ಲ” ಎಂದಳು. “ಏನ್ರವ್ವಾ?” ಹೆಂಗಸರು ಸೆರಗು ಹೊದ್ದುಕೊಂಡು ಬಾಯಿ ಮುಚ್ಚಿ ಕುಳಿತರು. ಸೇರಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಅವರೇ ಇದ್ದರು. ಅರ್ಧ ಊರಿನ ಸಾಕ್ಷಿ ಇಲ್ಲದ ನೇಮಕ ಎಂಥ ನೇಮಕ?

“ನೀವು ಓದ್ರಿ ಅಂದೆ ಮೇಷ್ಟ್ರೇ” ಎಂದ ದೊಡ್ಡತಿಮ್ಮಪ್ಪ. ಈ ಸಲ ಅದು ಕೇಳಿಕೆಯಾಗಿರಲಿಲ್ಲ.

ನಾನು ಕಾಗದ ನೋಡಿದೆ. ಮೂರನೆಯ ಸಾಲಿನ ಕೆಳಗೆ ಹೂ, ಅದರ ಕೆಳಗೆ ಬತ್ತಿ, ಅದರ ಕೆಳಗೆ ನೈವೇದ್ಯ. ಅವಳ ಮನೆಯಲ್ಲಿ ಮಜ್ಜಿಗೆ ಕುಡಿಯುತ್ತ, ಅವಳು ಬತ್ತಿ ಹೊಸೆಯುವುದನ್ನು ಕಣ್ಣಾರೆ ನೋಡುತ್ತ, ಜೇಬಿನಲ್ಲಿ ‘ಬತ್ತಿ ಹೊಸೆಯುವುದು, ಓಬಯ್ಯನವರು ನಡೆಸಿಕೊಂಡು ಬಂದಂತೆ’ ಎಂಬ ಕಾಗದ ಇಟ್ಟುಕೊಂಡು ಕುಳಿತಿದ್ದೆ. ಮಕ್ಕಳಿಗೆ ದಿನವೂ ಸರಿಯಾಗಿ ನೋಡಿ ಬರೆಯಿರಿ ಎಂದು ಕಿವಿ ಹಿಂಡುವ ಮನುಷ್ಯ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ನಾಚಿಕೆ ಹೋಗಿ ಸಿಟ್ಟು ಬರಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

“ಓದುವ ಹಾಗಿಲ್ಲ ಯಜಮಾನರೇ” ಎಂದೆ. “ಅಲ್ಲ ಎಂದಿದ್ದಾರೆ. ಇತ್ಯರ್ಥವಾಗಬೇಕು. ನಿಯಮ ನಿಮ್ಮದೇ.”

“ನೀವು ಊರಿನ ಮೇಷ್ಟ್ರು. ಊರು ಹೇಳ್ದಂಗೆ ಓದಾಕೆ ಇರೋದು.”

“ನಾನು ಸರ್ಕಾರಿ ಮೇಷ್ಟ್ರು. ಇದನ್ನು ಪುಕ್ಕಟೆ ಓದುತ್ತಿದ್ದೇನೆ. ಸುಳ್ಳು ಓದುವುದಕ್ಕಂತೂ ಯಾರೂ ಸಂಬಳ ಕೊಟ್ಟಿಲ್ಲ.”

ಹಾಗೆ ಹೇಳಿಬಿಡುತ್ತೇನೆಂದು ನನಗೇ ಗೊತ್ತಿರಲಿಲ್ಲ. ಆದರೆ ಹೇಳಿಯಾಗಿತ್ತು. ಮುದ್ದಕ್ಕ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅವಳು ಮೆಟ್ಟಿಲ ಹತ್ತಿರ ಬಂದು, “ಉಳಿದದ್ದನ್ನ ಬರೀ ಕೆಲಸದ ಹೆಸರು ಓದ್ರಿ. ಯಾರದ್ದು ಅಂತ ನಾನು ಹೇಳ್ತೀನಿ. ಸುಳ್ಳು ಹೇಳಿದ್ರೆ ಈ ಹೆಂಗಸ್ರೇ ಅಲ್ಲ ಅನ್ಲಿ” ಎಂದಳು.

“ಹೂ ಕಟ್ಟುವುದು” ಎಂದೆ.

“ನಾನು.”

“ಹೌದು” ಎಂದರು ಹೆಂಗಸರು ಒಟ್ಟಿಗೆ.

“ದೀಪಕ್ಕೆ ಬತ್ತಿ, ಎಣ್ಣೆ.”

“ಬತ್ತಿ ನಾನು. ಎಣ್ಣೆ ಒಕ್ಕಲಿನೋರು ಕೊಡ್ತಿದ್ರು. ಗರ್ಭಗುಡಿ ಒಳಗೆ ದೀಪ ಹಚ್ಚಿದ್ದು ನನ್ನ ಗಂಡ.”

“ಹೌದು.”

“ನೈವೇದ್ಯ.”

“ಅಕ್ಕಿ ಆರಿಸಿ, ಮಡಿ ಉಟ್ಟು ಬೇಯ್ಸಿದ್ದು ನಾನು. ದೇವ್ರ ಮುಂದೆ ಇಟ್ಟಿದ್ದು ಅವನು.”

“ಹೌದು.”

“ಪೂಜೆ, ಮಂಗಳಾರತಿ, ತೀರ್ಥ ಕೊಡುವುದು.”

“ಅವನು. ಅವನಂಗೆ ಮಾಡೋರು ಈ ಸೀಮೇಲಿ ಇರ್ಲಿಲ್ಲ” ಎಂದಳು.

ಇದಕ್ಕೆ ಗಂಡಸರೂ ಹೌದು ಎಂದರು. ಅಲ್ಲಿಂದ ಮುಂದೆ ಒಬ್ಬೊಬ್ಬರೇ ಸೇರಿಕೊಂಡರು. ಪೂಜೆಯ ಪಾತ್ರೆಗಳನ್ನು ಹುಣಸೆಹಣ್ಣು ಹಾಕಿ ಬೆಳಗಿದ್ದು ಅವಳು. ದೇವರ ವಸ್ತ್ರ ಒಗೆದದ್ದು ಅವಳು. ಶನಿವಾರ ದೂರದಿಂದ ಬಂದ ಒಕ್ಕಲಿಗೆ ನೀರು, ಅನ್ನ ಕೊಟ್ಟದ್ದು ಅವಳು. ಬೀಗದ ಕೈ ಕಾದದ್ದು, ಸೂತಕ ಬಂದರೆ ಬದಲಿ ಪೂಜಾರಿಗೆ ಹೇಳಿ ಕಳಿಸಿದ್ದು, ಊರು ಬಿಟ್ಟು ರಾತ್ರಿ ತಂಗದೆ ಇದ್ದದ್ದು ಅವನು. ಹದಿಮೂರು ಸಾಲಿನಲ್ಲಿ ಐದು ಅವಳವೇ, ಎರಡು ಇಬ್ಬರವೂ. ಉಳಿದ ಆರು ಮಾತ್ರ ಓಬಯ್ಯನವು.

ಆಗ ಮೇಲಿನ ಮೆಟ್ಟಿಲ ಮೇಲಿದ್ದ ಎತ್ತಪ್ಪ ಮಾತಾಡಿದ. ದೇವರ ಕಡೆಯಿಂದ ತಿರುಗದೆ, ಮುಗಿದ ಕೈ ಇಳಿಸದೆ ಮಾತಾಡಿದ.

“ನಾನು ಪೂಜೆಗೆ ಬಂದೀನಿ ಯಜಮಾನ್ರೆ. ಹದಿಮೂರೂ ಒಬ್ಬನೇ ಮಾಡ್ತೀನಿ ಅಂತ ಸ್ವಾಮಿ ಮುಂದೆ ಒಪ್ಪಿಕೊಂಡ್ರೆ ನಾಳೆಯಿಂದ ಸುಳ್ಳುಗಾರ ಆಗ್ತೀನಿ.”

“ನಿನಗೆ ಹೆಂಡ್ತಿ ಇಲ್ವೇನಪ್ಪ?” ಎಂದ ದೊಡ್ಡತಿಮ್ಮಪ್ಪ. ಅವನಿಗೆ ಇದು ಬಹಳ ಸುಲಭದ ದಾರಿಯಾಗಿ ಕಂಡಿರಬೇಕು. “ಅವಳು ಮಾಡ್ತಾಳೆ. ಅದಕ್ಯಾಕೆ ಇಷ್ಟು ರಂಪ?”

ಶಾಂತಕ್ಕ ಕೂಸನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಾಯಿಸಿಕೊಂಡಳು. “ನನ್ನ ಹೆಸರು ಕಾಗದದಾಗೆ ಐತಾ?” ಎಂದು ಕೇಳಿದಳು. ಬಾಯಿ ಇಲ್ಲದ ಹುಡುಗನನ್ನು ಹುಡುಕಿದ ದೊಡ್ಡತಿಮ್ಮಪ್ಪ ಅವನ ಹೆಂಡತಿಯನ್ನು ವಿಚಾರಿಸಿರಲಿಲ್ಲ.

“ಇಲ್ಲಮ್ಮ” ಎಂದೆ ನಾನು.

“ಹಂಗಾದ್ರೆ ನಾನು ಬಂದಿರೋದು ಸುಮ್ಮನೆ ಇವನ ಜತಿಗೆ. ಆಗಿದ್ದು ಮಾಡ್ತೀನಿ, ಆಗದ್ದು ಬಿಡ್ತೀನಿ. ಯಾರೂ ಕೇಳಂಗಿಲ್ಲ.”

ದೊಡ್ಡತಿಮ್ಮಪ್ಪನ ಕತ್ತಿನ ನರ ಉಬ್ಬಿತು. ಒಂದೇ ಬೆಳಗ್ಗೆ ಮೂರು ಹೆಂಗಸರು, ಒಬ್ಬ ಪೂಜಾರಿ, ಒಬ್ಬ ಮೇಷ್ಟ್ರು ಅವನ ಎದುರು ಮಾತಾಡಿದ್ದರು. ಹತ್ತು ವರ್ಷದಲ್ಲಿ ಅವನು ಕೇಳಬೇಕಾದ ಎದುರು ಮಾತೆಲ್ಲ ಒಂದೇ ದಿನ ಬಂದಿತ್ತು. ಅವನು ಮುದ್ದಕ್ಕನ ಮೇಲೆ ತಿರುಗಿದ.

“ನಿನಗೆ ಮನೆ ಬೇಕು. ಅದಕ್ಕೇ ಈ ಆಟ. ಬಾಯಿಬಿಟ್ಟು ಹೇಳು.”

“ಹೂಂ, ಮನೆ ಬೇಕು” ಎಂದಳು ಮುದ್ದಕ್ಕ. “ಅದ್ರಾಗೆ ಮುಚ್ಚಿಡೋದು ಏನೈತೆ? ಆ ಕಾಗದದಾಗೆ ನನ್ನ ಹೊರಗೆ ಹಾಕೀರಿ ಅಂತ ಗೊತ್ತು. ಮೇಷ್ಟ್ರು ಜಂತೆ ನೋಡಕ್ಕೆ ಬಂದಾಗ್ಲೇ ಗೊತ್ತಾತು, ಅವರ ಮುಖಕ್ಕೆ ಸುಳ್ಳು ಹೊಂದಲ್ಲ. ಪೂಜಾರಿ ಮನೆ ಗುಡಿ ಕೆಲಸ ಮಾಡೋರಿಗೆ ಅಂತ ತಾನೇ ಹೇಳೋದು? ನಾನು ಮಾಡ್ದೆ. ಈಗ್ಲೂ ಮಾಡ್ತಿದೀನಿ. ಈ ಹತ್ತು ತಿಂಗಳು ಹೊಸ್ತಿಲ ಮೇಲೆ ದೀಪ ಇಟ್ಟೋರು ಯಾರು, ನೀನಾ?”

“ಗಂಡ ಸತ್ತ ಹೆಂಗಸಿಗೆ ದೇವ್ರ ಸೇವೆ ಹೆಂಗೆ ಕೊಡ್ತಾರೆ? ಮುಟ್ಟು ಮೈಲಿಗೆ ಬ್ಯಾರೆ—”

“ಅದು ನಿಂತು ಹನ್ನೆರಡು ವರ್ಷ ಆತು ತಿಮ್ಮಪ್ಪ! ಅದಕ್ಕಿಂತ ಮುಂಚೆ ಆ ಮೂರು ದಿನ ಕಾಟಮ್ಮ ಬಂದು ಮಾಡ್ತಿದ್ಲು. ಗುಡಿ ಕೆಲಸ ಒಂದಿನ ನಿಂತಿಲ್ಲ. ಇನ್ನೂ ಏನಾನ ಕೇಳೋದು ಐತಾ? ಎಲ್ರ ಮುಂದೆ ಕೇಳು, ಎಲ್ರ ಮುಂದೆ ಹೇಳ್ತೀನಿ.”

ಗಂಡಸರೆಲ್ಲ ನೆಲ ನೋಡುತ್ತಿದ್ದರು. ಹೆಂಗಸರೆಲ್ಲ ದೊಡ್ಡತಿಮ್ಮಪ್ಪನನ್ನು ನೋಡುತ್ತಿದ್ದರು.

ನಾನು ಜೇಬಿನಿಂದ ಪೆನ್ನು ತೆಗೆದೆ. ದೇವರ ಪಾದಕ್ಕೆ ಇಟ್ಟು ಬಂದ ಕಾಗದದ ಮೇಲೆ ಗೀಟು ಹಾಕುವುದು ಸರಿಯೋ ತಪ್ಪೋ ಗೊತ್ತಿರಲಿಲ್ಲ. ತಪ್ಪೆಂದು ಗೊತ್ತಾದದ್ದನ್ನು ಹಾಗೇ ಬಿಡುವುದಕ್ಕಿಂತ ಹೊಡೆದು ಹಾಕುವುದು ಮೇಲು ಎಂದುಕೊಂಡೆ. ಹದಿನಾಲ್ಕನೆಯ ಸಾಲಿನ ಮೇಲೆ ಅಡ್ಡಗೀಟು ಎಳೆದೆ. ಮೆಟ್ಟಿಲ ಮೇಲೇ ಕುಳಿತು, ತೊಡೆಯ ಮೇಲಿಟ್ಟುಕೊಂಡು ಬರೆದೆ. ಯಾರೂ ಬೇಡ ಎನ್ನಲಿಲ್ಲ. ಬರೆದು, ಎದ್ದು ನಿಂತು ಓದಿದೆ.

“ಹದಿನಾಲ್ಕು. ಗುಡಿಯ ಹಿಂದಿನ ಎರಡಂಕಣದ ಮನೆಯಲ್ಲಿ ಒಂದು ಅಂಕಣ ಪೂಜಾರಪ್ಪನವರಾದ ಎತ್ತಪ್ಪನವರ ಸಂಸಾರಕ್ಕೆ. ಇನ್ನೊಂದು ಅಂಕಣದಲ್ಲಿ ಮುದ್ದಕ್ಕನವರು ಇರತಕ್ಕದ್ದು. ಗುಡಿಸಿ ಸಾರಿಸುವುದು, ಹೂ, ಬತ್ತಿ, ನೈವೇದ್ಯದ ಅಡುಗೆ, ಪಾತ್ರೆ, ವಸ್ತ್ರ, ಬಂದ ಒಕ್ಕಲಿನ ಉಪಚಾರ, ಇವುಗಳ ಸೇವೆಗೆ ಮುದ್ದಕ್ಕನವರನ್ನು ಇಂದಿನಿಂದ ನೇಮಕ ಮಾಡಲಾಗಿದೆ. ಸುಗ್ಗಿಯ ರಾಗಿಯಲ್ಲಿ ಅವರಿಗೂ ಪಾಲು.”

ನನಗೆ ನನ್ನ ಬಗ್ಗೆ ಒಂದಿಷ್ಟು ಹೆಮ್ಮೆ ಎನ್ನಿಸಿತು. ಎತ್ತಪ್ಪ ದೇವರ ಕಡೆ ನೋಡುತ್ತಲೇ ತಲೆಯಾಡಿಸಿ ಒಪ್ಪಿಗೆ ಕೊಟ್ಟ. ಹೆಂಗಸರು ಹೌದು ಎನ್ನಲು ಬಾಯಿ ತೆರೆದರು.

“ಅಲ್ಲ” ಎಂದಳು ಮುದ್ದಕ್ಕ.

ನಾನು ಬೆಪ್ಪಾದೆ. “ಇನ್ನೇನಮ್ಮ?”

“ಇಂದಿನಿಂದ ಅಂತ ಯಾಕೆ ಬರ್ದ್ರಿ? ನನ್ನ ಯಾರೂ ಇವತ್ತು ನೇಮಕ ಮಾಡಂಗಿಲ್ಲ. ನಾನೇನು ಇವತ್ತು ಬಂದೀನಾ? ಹೊಸದಾಗಿ ಸೇರ್ಸಿಕೊಂಡ್ರಿ ಅಂತ ನಿಮಗೆ ಕೈಮುಗೀಬೇಕಾ ನಾನು? ಮೂವತ್ತೊಂದು ವರ್ಷದಿಂದ ಮುದ್ದಕ್ಕ ನಡೆಸಿಕೊಂಡು ಬಂದಂತೆ ಅಂತ ಬರೀರಿ. ಅದಕ್ಕೆ ಹೌದು ಅನ್ಲಿ. ಮನೆ ಆಮೇಲಿನ ಮಾತು.”

ಅವಳ ಕಣ್ಣಲ್ಲಿ ನೀರು ಬಂದಿತ್ತು. ಒರೆಸಿಕೊಳ್ಳಲಿಲ್ಲ. ಅವಳಿಗೆ ಬೇಕಾದದ್ದು ಕರುಣೆಯಲ್ಲ ಎಂದು ಆಗ ನನ್ನ ತಲೆಗೆ ಹೊಳೆಯಿತು. ಅಷ್ಟು ಹೊತ್ತೂ ನಾನೊಂದು ಉಪಕಾರ ಮಾಡುತ್ತಿದ್ದೇನೆಂದು ತಿಳಿದಿದ್ದೆ. ಮತ್ತೆ ಕುಳಿತು ‘ಇಂದಿನಿಂದ’ ಎಂಬುದನ್ನೂ ‘ನೇಮಕ’ ಎಂಬುದನ್ನೂ ಹೊಡೆದು ಹಾಕಿದೆ. ಅವಳು ಹೇಳಿದಂತೆ, ಒಂದಕ್ಷರ ಆಚೀಚೆ ಮಾಡದೆ, ಹೆಸರಿಗೆ ‘ನವರು’ ಮಾತ್ರ ಸೇರಿಸಿ ಬರೆದೆ.

“ಮೂವತ್ತೊಂದು ವರ್ಷದಿಂದ ಮುದ್ದಕ್ಕನವರು ನಡೆಸಿಕೊಂಡು ಬಂದಂತೆ” ಎಂದು ಓದಿದೆ.

“ಹೌದು” ಎಂದರು ಹೆಂಗಸರು. ಗಂಡಸರ ಕಡೆಯಿಂದ ಮೊದಲು ಎರಡು ಮೂರು ದನಿ, ಆಮೇಲೆ ಎಲ್ಲರದೂ. ಮೇಲಿನ ಮೆಟ್ಟಿಲಿಂದ ಎತ್ತಪ್ಪನೂ ಹೌದು ಎಂದ. ಅವನು ಕಂಡವನಲ್ಲ, ಸಾಕ್ಷಿ ಹೇಳುವ ಹಕ್ಕು ಅವನಿಗಿರಲಿಲ್ಲ, ಆದರೆ ಯಾರೂ ಆಕ್ಷೇಪಿಸಲಿಲ್ಲ.

ಉಳಿದದ್ದು ಯಜಮಾನನ ಹೌದು. ವೀಳ್ಯದ ತಟ್ಟೆ ಅವನ ಕೈಯಲ್ಲೇ ಇತ್ತು. ಅದಿಲ್ಲದೆ ಎತ್ತಪ್ಪನ ನೇಮಕವೂ ಇಲ್ಲ, ಶ್ರಾವಣಕ್ಕೆ ಪೂಜಾರಿಯೂ ಇಲ್ಲ, ಸೀಮೆಯ ಒಕ್ಕಲೆಲ್ಲ ಬಂದು ಬೀಗ ನೋಡಿ ಹೋಗಬೇಕು. ದೊಡ್ಡತಿಮ್ಮಪ್ಪ ತಟ್ಟೆ ನೋಡಿದ, ಗುಡಿ ನೋಡಿದ, ಜನರನ್ನು ನೋಡಿದ. ಅವನು ಮೂವತ್ತೊಂದು ವರ್ಷ ಪ್ರತಿ ಶನಿವಾರ ಆ ಹೆಂಗಸಿನ ಕೈಯಿಂದ ಅನ್ನ ತಿಂದವನು. ಕಾಣದೆ ಇದ್ದದ್ದೇನೂ ಅಲ್ಲ.

“ಹೂಂ, ಹೌದು” ಎಂದು ಗಡ್ಡದೊಳಗೆ ಗೊಣಗಿದ. ವೀಳ್ಯ ಕೊಡಲು ಎತ್ತಪ್ಪನ ಕಡೆ ಒಂದು ಹೆಜ್ಜೆ ಇಟ್ಟ.

ಮುದ್ದಕ್ಕ ಅಡ್ಡ ನಿಂತಳು.

“ಕೇಳಿಸ್ಲಿಲ್ಲ ಯಜಮಾನ್ರೆ” ಎಂದಳು. “ಗುಡಿ ಒಳಗಿರೋನಿಗೆ ಕೇಳ್ಸಂಗೆ ಹೇಳ್ರಿ.”

ದೊಡ್ಡತಿಮ್ಮಪ್ಪ ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡ. ಗರ್ಭಗುಡಿಯ ಕಡೆ ತಿರುಗಿ, ಊರೆಲ್ಲ ಕೇಳುವ ಹಾಗೆ ಹೇಳಿದ.

“ಹೌದು. ಮುದ್ದಕ್ಕನೇ ಮಾಡಿದ್ದು.”